ಮಗಳ ಬಾಣಂತನದ ರಜೆ: ಕೊಡ್ತೀರೋ ಇಲ್ಲವೋ, 21 ದಿನದಲ್ಲಿ ಹೇಳಿ

‘ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕು, ಎಂಟು ವಾರ ರಜೆ ಬೇಕು’ ಎಂಬ ಅರ್ಜಿ ಬಂದ ಕೂಡಲೇ ಕಚೇರಿಗಳಲ್ಲಿ ಕೇಳಿಬರುವ ಮಾತು ಒಂದೇ: ರಜೆ ಹಕ್ಕಲ್ಲ. ಸೇವಾ ನಿಯಮಾವಳಿ ಹಾಗೆ ಹೇಳುವುದು ನಿಜ. ಆದರೆ ಅರ್ಜಿಗೆ ಉತ್ತರ ಕೊಡದೆ ತಿಂಗಳುಗಟ್ಟಲೆ ಇಟ್ಟುಕೊಳ್ಳಿ ಎಂದು ಅದು ಹೇಳುವುದಿಲ್ಲ.

ಟಿಳಕವಾಡಿಯಿಂದ ದಿನಾ ಖಾನಾಪುರದ ಸರ್ಕಾರಿ ಕಚೇರಿಗೆ ಹೋಗಿಬರುವ ಐವತ್ತೈದರ ಸಹಾಯಕಿಯೊಬ್ಬರನ್ನು ಎಣಿಸಿಕೊಳ್ಳಿ. ಮಗಳ ಹೆರಿಗೆ ಮಾರ್ಚ್ 20ರ ಸುಮಾರಿಗೆ. ಮಾರ್ಚ್ 10ರಿಂದ ಮೇ 4ರವರೆಗೆ 56 ದಿನದ ಗಳಿಕೆ ರಜೆ ಕೇಳಿ, ಡಿಸೆಂಬರ್ 1ಕ್ಕೇ ಅರ್ಜಿ ಕೊಟ್ಟಿದ್ದಾರೆ. ವಿದೇಶಕ್ಕೆ ಹೋಗಲು ಪೂರ್ವಾನುಮತಿ ಬೇಕಾದ್ದರಿಂದ ಕಡತ ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗುತ್ತದೆ. ಅನುಮತಿ ಕೈಗೆ ಬರದೆ ಟಿಕೆಟ್ ತೆಗೆಸುವ ಧೈರ್ಯವಿಲ್ಲ. ಅಂಟಿನುಂಡೆ ಕಟ್ಟಿಟ್ಟು ಕಾಯುವ ತಾಯಿಗೆ ಏಪ್ರಿಲ್ ಕೊನೆಗೆ ಮಂಜೂರಾತಿ ಬಂದರೆ ಏನು ಪ್ರಯೋಜನ? ಹೆರಿಗೆಯ ನಂತರದ ಮೊದಲ ಆರು ವಾರವೇ ಬಾಣಂತಿಗೆ ಸೂಕ್ಷ್ಮ ಕಾಲ. ಜ್ವರ, ಅತಿಯಾದ ರಕ್ತಸ್ರಾವ, ಬಿಡದ ತಲೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಲು ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಮಾರ್ಚ್ ಎಂದರೆ ಲೆಕ್ಕಪತ್ರದ ತಿಂಗಳು, ಇದ್ದ ನಾಲ್ಕು ಜನರ ಮೇಲೆ ಹೊರೆ ಬೀಳುತ್ತದೆ ಎಂಬ ಸಹೋದ್ಯೋಗಿಗಳ ಆಕ್ಷೇಪ ಸುಳ್ಳಲ್ಲ. ಆದರೆ ಇದು ಹಠಾತ್ತನೆ ಬಂದ ಕಾಯಿಲೆಯಲ್ಲ, ಮೂರು ತಿಂಗಳ ಮೊದಲೇ ಗೊತ್ತಿರುವ ದಿನಾಂಕ. ಪ್ರಭಾರ ವಹಿಸಲು, ಕೆಲಸ ಹಂಚಲು ಅಷ್ಟು ಸಮಯ ಸಾಲದೆ?

ಖಜಾನೆಗೆ ನಷ್ಟ ಎಂಬ ವಾದವಂತೂ ನಿಲ್ಲುವುದೇ ಇಲ್ಲ. ವರ್ಷಕ್ಕೆ 30 ದಿನದಂತೆ ಜಮೆಯಾಗುವ ಈ ರಜೆಯನ್ನು ಬಳಸದೆ ಉಳಿಸಿದರೆ, ನಿವೃತ್ತಿಯಾಗುವಾಗ 300 ದಿನಗಳವರೆಗೆ ಸರ್ಕಾರವೇ ನಗದು ಕೊಡುತ್ತದೆ. ಆಕೆ ಕೇಳುತ್ತಿರುವುದು ತಾನು ದುಡಿದು ಗಳಿಸಿದ್ದನ್ನು. ಶಿಶುಪಾಲನಾ ರಜೆಯ ದಾರಿಯೂ ಆಕೆಗೆ ಮುಚ್ಚಿದೆ. ಅದು 18 ದಾಟದ ಮಕ್ಕಳಿರುವವರಿಗೆ ಮಾತ್ರ.

ದಾರಿ ಇಲ್ಲದಿಲ್ಲ. ರಜೆಯಲ್ಲಿ ವಿದೇಶಕ್ಕೆ ಹೋಗುವ ಕೇಂದ್ರ ನೌಕರರ ಕೋರಿಕೆಯನ್ನು 21 ದಿನದೊಳಗೆ ತೀರ್ಮಾನಿಸಬೇಕು, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಬಹುದು ಎಂದು ಕೇಂದ್ರದ ಸಿಬ್ಬಂದಿ ಇಲಾಖೆ 2015ರ ಜುಲೈನಲ್ಲೇ ಆದೇಶಿಸಿದೆ. ಸ್ವೀಡನ್ ಇನ್ನೂ ಮುಂದೆ ಹೋಗಿ, 2024ರ ಜುಲೈನಿಂದ ತಂದೆ ತಾಯಿ ತಲಾ 45 ದಿನದ ಸವೇತನ ಪೋಷಕ ರಜೆಯನ್ನು ಅಜ್ಜ ಅಜ್ಜಿಗೆ ಬಿಟ್ಟುಕೊಡಲು ಅವಕಾಶ ಕೊಟ್ಟಿದೆ. ನಾವು ಅಷ್ಟು ದೂರವೂ ಹೋಗಬೇಕಿಲ್ಲ.

ರಾಜ್ಯ ಸರ್ಕಾರ ಅದೇ 21 ದಿನದ ಗಡುವನ್ನು ತನ್ನ ನೌಕರರಿಗೂ ಅನ್ವಯಿಸಲಿ. ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡಲಿ. ಡಿಸೆಂಬರ್ 1ರ ಅರ್ಜಿಗೆ ಡಿಸೆಂಬರ್ 22ರೊಳಗೆ ಉತ್ತರ ಸಿಗಲೇಬೇಕು.