ಸಾಲದ ಲೆಕ್ಕ, ಭಾಗ 4: 1% ಕಮ್ಮಿ ಬಡ್ಡಿಗೆ ಮರುಳಾಗ್ಬೇಡಿ

ನಮ್ಮ ಸೀನಿಯರ್ ಒಬ್ಬರಿಗೆ 2 ಲಕ್ಷ ಪರ್ಸನಲ್ ಲೋನ್ ಬೇಕಿತ್ತು, 3 ವರ್ಷಕ್ಕೆ. ಒಂದು ಕಡೆ ಬಡ್ಡಿ 13%, ಇನ್ನೊಂದು ಕಡೆ 14%. 13ಕ್ಕೇ ಸೈ ಅಂದ್ರು. ಆದ್ರೆ ಅವರ ಪ್ಲಾನ್, ಬೋನಸ್ ಬಂದ ತಕ್ಷಣ ಒಂದೇ ವರ್ಷಕ್ಕೆ ಪೂರ್ತಿ ತೀರಿಸೋದು!

ಲೆಕ್ಕ ಹಾಕಿದ್ವಿ. 12 ಕಂತು ಕಟ್ಟಿದ ಮೇಲೂ ಅಸಲು ಸುಮಾರು 1.42 ಲಕ್ಷ ಬಾಕಿ ಇರುತ್ತೆ. 13% ನವರು ಅದರ ಮೇಲೆ 5% ಫೋರ್‌ಕ್ಲೋಶರ್ ಚಾರ್ಜ್, ಜೊತೆಗೆ 18% ಜಿಎಸ್‌ಟಿ ಹಾಕ್ತಾರೆ. ಹತ್ತಿರ ಹತ್ತಿರ 8,360 ರೂಪಾಯಿ. 14% ನವರದ್ದು ಸೊನ್ನೆ. ಆ ಒಂದು ವರ್ಷದಲ್ಲಿ ಕಮ್ಮಿ ಬಡ್ಡಿಯಿಂದ ಉಳಿಯೋದು? ಬರೀ 1,800.

ಎಪಿಆರ್ ನೋಡಿದ್ರೂ ಇದು ಗೊತ್ತಾಗಲ್ಲ, ಯಾಕಂದ್ರೆ ಮುಂಚೆ ತೀರಿಸಿದ್ರೆ ಮಾತ್ರ ಬೀಳೋ ಈ ಚಾರ್ಜ್ ಅದರಲ್ಲಿ ಸೇರಿರಲ್ಲ. ಸಹಿ ಹಾಕೋ ಮುಂಚೆ ಕೊಡಲೇಬೇಕಾದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ ಇದಕ್ಕೆ ಬೇರೆ ಸಾಲೇ ಇದೆ, ಹುಡುಕಿ. ಸ್ವಲ್ಪ ಸ್ವಲ್ಪ ಕಟ್ಟೋ ಪಾರ್ಟ್ ಪೇಮೆಂಟ್‌ಗೂ ಷರತ್ತು ಇರಬಹುದು: ಎಷ್ಟು ಕಂತು ಆದಮೇಲೆ, ವರ್ಷಕ್ಕೆ ಎಷ್ಟು ಪಾಲು ಅಂತ.

‘ಆರ್‌ಬಿಐ ಈ ಚಾರ್ಜ್ ತೆಗೆದುಹಾಕಿದೆಯಲ್ವಾ’ ಅಂತೀರಾ? 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ಹೊಸ ನಿಯಮ ಇದೆ ನಿಜ. ಆದ್ರೆ ಅದು ಫ್ಲೋಟಿಂಗ್ ಬಡ್ಡಿ ಸಾಲಕ್ಕೆ. ಪರ್ಸನಲ್ ಲೋನ್, ಬೈಕ್ ಲೋನ್ ಹೆಚ್ಚಾಗಿ ಫಿಕ್ಸೆಡ್. ನನ್ನ ಪ್ರಕಾರ ನಾವು ಸಿಕ್ಕಿಬೀಳೋದೇ ಇಲ್ಲಿ.

ಸೀನಿಯರ್ ಕೊನೆಗೆ 14% ನೇ ತಗೊಂಡ್ರು. ಚಾರ್ಜ್ ಸೊನ್ನೆ ಅಂತ ಮೇಲ್‌ನಲ್ಲಿ ಬರೆಸಿಕೊಂಡ ಮೇಲೆ.