ತೆನೆಯ ಸೆರಗಿಗೆ ಅಜ್ಜಿಯ ಡಾಬು

ಧಾರವಾಡದ ಒಂದು ಮನೆಯಲ್ಲಿ ತಂಗಿಯ ಲಗ್ನಕ್ಕೆಂದು ಅಕ್ಕನಿಗೆ ಹೊಸ ಇಳಕಲ್ ಸೀರೆ ಬಂದಿತು. ಒಡಲು ಕಡುನೀಲಿ, ಅಂಚು ಕೆಂಪು. ಸೆರಗಿನಲ್ಲಿ ಕೆಂಪು ರೇಷ್ಮೆಯ ಮೇಲೆ ಬಿಳಿಯ ತೆನೆಗಳ ಸಾಲು. ಅದಕ್ಕೆ ಜೊತೆಯಾಗಿ ಗುಳೇದಗುಡ್ಡದ ಖಣದ ಕುಪ್ಪಸ. ದರ್ಜಿಯು ಜಾಣ, ಖಣದ ಅಂಚನ್ನು ತೋಳಿಗಷ್ಟೇ ಮುಗಿಸದೆ ಕೊರಳಿನ ಸುತ್ತಲೂ ಒಂದೂವರೆ ಅಂಗುಲ ಅಗಲಕ್ಕೆ ಕೂಡಿಸಿದ್ದ. ಎಲ್ಲವೂ ಸರಿಯಾಗಿದ್ದಾಗಲೇ ತಾಯಿಯು ಪೆಟ್ಟಿಗೆಯಿಂದ ಬೆಳ್ಳಿಯ ಡಾಬನ್ನೂ ಬೋರಮಾಳವನ್ನೂ ತೆಗೆದಳು.

“ಬ್ಯಾಡ ಅವ್ವ, ಸೀರಿ ಎಲ್ಲಾ ಮುಚ್ಚಿ ಹೋಗ್ತದ” ಎಂದಳು ಮಗಳು.

“ಅಜ್ಜೀ ಡಾಬು ಮನ್ಯಾಗ ಇಟ್ಟು ಲಗ್ನಕ್ಕ ಹ್ಯಾಂಗ ಹೋಗ್ತಿ?” ಎಂದಳು ತಾಯಿ.

ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಇಳಕಲ್ ಸೀರೆಯ ಸೆರಗು ಒಡಲಿನೊಡನೆ ಒಂದೇ ಹಾಸಿನಲ್ಲಿ ಬರುವುದಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿದ ಬಳಿಕವೇ ನೇಯ್ಗೆ ಸಾಗುತ್ತದೆ. ಅಷ್ಟು ಶ್ರಮದ ಸೆರಗನ್ನು ನಡುಪಟ್ಟಿಯ ಅಡಿಯಲ್ಲಿ ಮುದುರಿಬಿಡುವುದು ಯಾವ ಒಡವೆಗೂ ಶೋಭೆಯಲ್ಲ. ಆದರೆ ಅದಕ್ಕಾಗಿ ಅಜ್ಜಿಯ ಡಾಬು ಪೆಟ್ಟಿಗೆಯಲ್ಲಿಯೇ ಉಳಿಯಬೇಕೆಂದೇನೂ ಇಲ್ಲ.

ಸೀರೆಯುಟ್ಟು, ಸೆರಗನ್ನು ಎದೆಯ ಮೇಲಿಂದ ತಂದು ಎಡಹೆಗಲಿಗೆ ಪಿನ್ನು ಹಾಕಿದಾಗ, ತೆನೆಯ ಭಾಗವು ಬೆನ್ನ ಹಿಂದೆ ಇಳಿಬೀಳುತ್ತದೆ. ಅವಸರದಲ್ಲಿ ಡಾಬನ್ನು ಎಲ್ಲದರ ಮೇಲೆ ಸುತ್ತಿದರೆ ಮುಂದೆ ಚಂದವಾಗಿ ಕಾಣುತ್ತದೆ, ಹಿಂದೆ ತೆನೆಯ ಸಾಲು ಮೂಟೆ ಕಟ್ಟಿದಂತೆ ಸುಕ್ಕಾಗುತ್ತದೆ. ಕನ್ನಡಿಯ ಮುಂದೆ ನಿಂತವಳಿಗೆ ಇದು ತಿಳಿಯುವುದೇ ಇಲ್ಲ; ತಿಳಿಯುವುದು ಹಿಂದೆ ಕುಳಿತ ನೆಂಟರಿಗೆ! ಆದುದರಿಂದ ಇಳಿಬಿದ್ದ ಸೆರಗನ್ನು ಮೊದಲು ಹೆಗಲ ಮೇಲಿಂದ ಮುಂದಕ್ಕೆ ಎತ್ತಿಹಾಕಿಕೊಳ್ಳಬೇಕು. ನೆರಿಗೆ ಸಿಕ್ಕಿಸಿದ ಗೆರೆಯ ಮೇಲೆಯೇ ಡಾಬನ್ನು ಕಟ್ಟಿ, ಅದರ ಬಿಲ್ಲೆಯನ್ನು ನೆರಿಗೆಯ ನಡುವಿಗೆ ತಂದು, ಆಮೇಲೆ ಸೆರಗನ್ನು ಹಿಂದಕ್ಕೆ ಬಿಡಬೇಕು. ಆಗ ಮುಂದೆ ಡಾಬು, ಹಿಂದೆ ತೆನೆ, ಒಂದಕ್ಕೊಂದು ಅಡ್ಡವಿಲ್ಲ. ಸೆರಗಿನ ಅಂಚು ಬಲಸೊಂಟದ ಬಳಿ ಒಂದೆಡೆ ಮಾತ್ರ ಪಟ್ಟಿಯನ್ನು ಹಾಯುತ್ತದೆ. ಅಷ್ಟಕ್ಕೆ ಕೊರಗಬೇಕಾಗಿಲ್ಲ.

ಬಿಗಿ ಎಷ್ಟಿರಬೇಕೆಂಬುದನ್ನು ನಿಂತು ನಿರ್ಧರಿಸಬಾರದು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತಾಗ ಸೊಂಟದ ಸುತ್ತಳತೆ ಹೆಚ್ಚುತ್ತದೆ. ಬಿಗಿಯಾದ ಡಾಬು ಮೇಲಕ್ಕೆ ಸರಿದು ಸೆರಗನ್ನು ಜಗ್ಗುತ್ತದೆ, ಆ ಜಗ್ಗು ಹೆಗಲಿನ ಪಿನ್ನಿಗೆ ಮುಟ್ಟಿ ರೇಷ್ಮೆಯಲ್ಲಿ ತೂತು ಬೀಳುತ್ತದೆ. ಕುಳಿತೇ ಕೊಕ್ಕೆ ಹಾಕಿ ಏಳುವುದು ಲೇಸು. ನಿಂತಾಗ ಡಾಬು ತುಸು ಕೆಳಗಿಳಿದರೂ ಚಿಂತೆಯಿಲ್ಲ.

ಹಳೆಯ ಬೆಳ್ಳಿಗೆ ಇನ್ನೊಂದು ದೋಷವುಂಟು: ಒಳಮೈಯಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳು. ಹಳೆಯ ರೇಷ್ಮೆಯ ಚಿಂದಿಯೊಂದನ್ನು ಡಾಬಿನ ಒಳಬದಿಯ ಮೇಲೆ ಮೆಲ್ಲನೆ ಎಳೆದು ನೋಡಿದರೆ ಎಲ್ಲಿ ತಡೆಯುವುದೋ ಅಲ್ಲಿಯೇ ಮುಳ್ಳು. ಈ ಡಾಬಿನಲ್ಲಿ ಮೂರು ಕಡೆ ತಡೆಯಿತು. ತಾಯಿಯು ಮೆತ್ತನೆಯ ಹತ್ತಿಬಟ್ಟೆಯ ಪಟ್ಟಿಯನ್ನು ಒಳಗೆ ಅಸ್ತರಿನಂತೆ ಹೊಲಿದಳು. ಹೊರಗಿನಿಂದ ಅದು ಕಾಣಲಿಲ್ಲ.

ಇನ್ನು ಬೋರಮಾಳದ ಮಾತು. ಕೊರಳಿನ ಸರವು ಕುಪ್ಪಸದ ಕೊರಳಿಗಿಂತ ಮೇಲಿರಬೇಕು, ಇಲ್ಲವೆ ಅದನ್ನು ದಾಟಿ ಸಾಕಷ್ಟು ಕೆಳಗಿರಬೇಕು. ಅಂಚಿನ ಮೇಲೆಯೇ ಕುಳಿತರೆ ಎರಡೂ ಕೆಡುತ್ತವೆ. ಇದನ್ನು ಒಡವೆಯಿಂದ ನೋಡುವುದಕ್ಕಿಂತ ದಾರದಿಂದ ನೋಡುವುದು ಸುಲಭ. ಕುಪ್ಪಸ ತೊಟ್ಟು, ಕೊರಳಿಗೆ ದಾರ ಹಾಕಿ, ಅಂಚಿಗಿಂತ ಒಂದು ಅಂಗುಲ ಮೇಲೆ ನಿಲ್ಲುವಂತೆ ಗಂಟು ಹಾಕಿ ಅಳೆಯಬೇಕು. ಇವಳಿಗೆ ದಾರ ಹದಿನೆಂಟು ಅಂಗುಲ ಬಂದಿತು, ಬೋರಮಾಳವೋ ಇಪ್ಪತ್ತೆರಡು. ಉದ್ದದಲ್ಲಿ ಎರಡು ಅಂಗುಲ ಕಡಿಮೆಯಾದರೆ ಸರವು ಮುಂದೆ ಸುಮಾರು ಒಂದು ಅಂಗುಲ ಮೇಲೇರುತ್ತದೆ. ಎಂದರೆ ನಾಲ್ಕು ಅಂಗುಲ ಕುಗ್ಗಿಸಬೇಕು. ಪುಣ್ಯಕ್ಕೆ ಇದರ ಮಣಿಗಳು ಮುಂದೆ ಮಾತ್ರ. ಹಿಂದೆ ಇರುವುದು ಬರಿಯ ದಾರ, ಜಗ್ಗಿದರೆ ಗಿಡ್ಡವಾಗುತ್ತದೆ. ಹಿಂದಿನವರ ಈ ಉಪಾಯವು ಇಂದಿನ ಕೊಕ್ಕೆಯ ಸರಪಳಿಗಿಂತ ಎಷ್ಟೋ ಮೇಲು.

ಬಣ್ಣದ ವಿಚಾರದಲ್ಲಿ ಹೆಚ್ಚು ತೊಡಕಿರಲಿಲ್ಲ. ತೆನೆಯ ಬಿಳುಪಿಗೆ ಬೆಳ್ಳಿಯೂ ಅಂಚಿನ ಕೆಂಪಿಗೆ ಚಿನ್ನವೂ ಒಪ್ಪಿದವು. ತಾಯಿಯು ಇವೆರಡರ ಮೇಲೆ ಹಸಿರು ಹರಳಿನ ಪದಕವೊಂದನ್ನು ಕೈಗೆತ್ತಿಕೊಂಡಿದ್ದಳು. ಅದನ್ನು ಕೊರಳಿಗೆ ಹಿಡಿದು ನೋಡಿದಾಗ ಖಣದ ಅಂಚು ಅರ್ಧ ಮರೆಯಾಯಿತು. ಈ ಸಲ ತಾಯಿಯೇ ಅದನ್ನು ಪೆಟ್ಟಿಗೆಗೆ ಹಿಂದಿರುಗಿಸಿ, ಮರುದಿನದ ಬರಿಯ ಕೊರಳಿನ ಕುಪ್ಪಸಕ್ಕೆಂದು ಎತ್ತಿಟ್ಟಳು.