ಬೆಳಕು ಬೀಳಬೇಕಾದುದು ಪುಸ್ತಕದ ಮೇಲೆ

ರಾತ್ರಿ ಓದುವಾಗ ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ, ಕೊಠಡಿಗೆ ಸರಿಯಾದ ದೀಪ ಹಾಕಿಸಿಕೊಡಿ ಎಂದು ಕಾಲೇಜು ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ವಾರ್ಡನ್‌ಗೆ ಪತ್ರ ಬರೆದಿದ್ದಾನೆ. ಕೊಠಡಿಯಲ್ಲಿ ಟ್ಯೂಬ್‌ಲೈಟ್ ಇದೆಯಲ್ಲ ಎಂಬ ಉತ್ತರ ಇಂಥ ಮನವಿಗಳಿಗೆ ಸಾಮಾನ್ಯ. ಆದರೆ ಮೇಜುಗಳು ಗೋಡೆಗೆ ಮುಖ ಮಾಡಿರುತ್ತವೆ; ನಡುವಿನ ದೀಪ ಬೆನ್ನ ಹಿಂದೆ ಉಳಿದು, ಓದುವವನ ನೆರಳೇ ಪುಟದ ಮೇಲೆ ಬೀಳುತ್ತದೆ. ಮಂದ ಬೆಳಕಿನಿಂದ ದೃಷ್ಟಿ ಶಾಶ್ವತವಾಗಿ ಹಾಳಾಗುತ್ತದೆ ಎಂಬುದು ನಿಜವಲ್ಲ. ಆದರೂ ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿ ಕೂತವನಿಗೆ ಗಂಟೆಯೊಳಗೇ ದಣಿವು ಬಂದು, ಓದು ಅಲ್ಲಿಗೇ ನಿಲ್ಲುತ್ತದೆ. ಪರೀಕ್ಷೆಯ ದಿನಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಓದುವ ಮೇಜಿಗೆ ಸುಮಾರು 300 ಲಕ್ಸ್ ಬೆಳಕು ಬೇಕು. ಅದನ್ನು ಅಳೆಯಬೇಕಾದುದು ಪುಸ್ತಕ ಇರುವಲ್ಲಿ, ಕೊಠಡಿಯ ನಡುವೆ ಅಲ್ಲ. ಮೇಜಿಗೊಂದು ಪ್ಲಗ್, 9 ವ್ಯಾಟ್‌ನ ಎಲ್‌ಇಡಿ ದೀಪ, ಕಣ್ಣಿಗೆ ಕುಕ್ಕದಂತೆ ಒಂದು ಮುಚ್ಚಿಗೆ ಇದ್ದರೆ ಸಾಕು. ರಾತ್ರಿಗೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗದು. ಕರೆಂಟ್ ಬಿಲ್ಲಿನ ನೆಪಕ್ಕೆ ಇಲ್ಲಿ ಜಾಗವಿಲ್ಲ. ಕೊಠಡಿಯಲ್ಲಿ ಹೀಟರ್ ನಿಷೇಧಿಸುವುದು ಸರಿ, ಅದೇ ನಿಯಮದಡಿ ಮೇಜಿನ ದೀಪವನ್ನೂ ಕಿತ್ತುಕೊಳ್ಳುವುದು ತಪ್ಪು. ಆಡಳಿತ ಮಂಡಳಿ ಮುಂದಿನ ಪರೀಕ್ಷೆಗೆ ಮೊದಲೇ ಪ್ರತಿ ಮೇಜಿಗೂ ದೀಪ ಒದಗಿಸಬೇಕು.